ಓದಿಗೆ ಆರು ಲಕ್ಷ: ಕೈಗೆ ಕೊಡುವುದೋ, ಟ್ರಸ್ಟಿಗೆ ಕೊಡುವುದೋ, ಟ್ರಸ್ಟನ್ನೇ ಕಟ್ಟುವುದೋ?

ರಿಟರ್ನ್ ತುಂಬಿಕೊಡುವ ಕೆಲಸದಲ್ಲಿರುವವರಿಗೆ ಮಾರ್ಚ್ ತಿಂಗಳ ಪ್ರಶ್ನೆಗಳು ಬಾಯಿಪಾಠ. ಅದರಲ್ಲೊಂದು ಹೀಗಿರುತ್ತದೆ: "ಒಬ್ಬರ ಓದಿಗೆ ಸಹಾಯ ಮಾಡಬೇಕು ಅಂತಿದ್ದೀನಿ. ನೇರವಾಗಿ ಕೊಟ್ಟರೆ ಅವರಿಗೆ ಟ್ಯಾಕ್ಸ್ ಬೀಳುತ್ತಂತೆ, ಟ್ರಸ್ಟಿಗೆ ಕೊಟ್ಟರೆ ನನಗೆ 80ಜಿ ಸಿಗುತ್ತಂತೆ, ನಮ್ಮ ತಾಯಿ ಹೆಸರಲ್ಲಿ ಟ್ರಸ್ಟೇ ಮಾಡಿಬಿಟ್ಟರೆ ಟ್ಯಾಕ್ಸೇ ಇಲ್ಲವಂತೆ. ಯಾವುದು ವಾಸಿ?" ಮೂರು 'ಅಂತೆ'ಗಳಲ್ಲೂ ಅರ್ಧರ್ಧ ಸತ್ಯವಿದೆ. ಉಳಿದರ್ಧವನ್ನು ನೋಡದೆ ಹೊರಟರೆ ಕೊಡುವವರ ದುಡ್ಡೂ ಹೋಗುತ್ತದೆ, ಪಡೆಯುವವರಿಗೂ ತಲೆನೋವು.

ಲೆಕ್ಕ ಹಾಕಿ ನೋಡಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕೊಡುವವರು ಬ್ಯಾಂಕಿನಲ್ಲಿ ಅಧಿಕಾರಿ, ವಯಸ್ಸು ಐವತ್ತರ ಆಸುಪಾಸು, ವರ್ಷದ ಸಂಬಳ 22 ಲಕ್ಷ ರೂಪಾಯಿ. ಪಿಎಫ್, ಎಲ್‌ಐಸಿ ಎಲ್ಲ ಸೇರಿ 80ಸಿ ಅಡಿಯ ಒಂದೂವರೆ ಲಕ್ಷ ಭರ್ತಿಯಾಗಿದೆ. ಮನೆ ಸಾಲವಿಲ್ಲ, ಬಾಡಿಗೆ ಮನೆಯೂ ಅಲ್ಲ. ಅವರ ಹಳೆಯ ಸಹಪಾಠಿಯ ಮಗಳು ಎಂಜಿನಿಯರಿಂಗ್ ಸೇರಿದ್ದಾಳೆ, ವಯಸ್ಸು ಹದಿನೆಂಟು ತುಂಬಿದೆ, ವರ್ಷಕ್ಕೆ ಒಂದೂವರೆ ಲಕ್ಷ ಫೀಸು. ಹುಡುಗಿಯ ತಂದೆಗೂ ಸಂಬಳವಿದೆ, ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 11 ಲಕ್ಷ ನಿಲ್ಲುತ್ತದೆ. ಆದರೆ ಮನೆಯಲ್ಲಿ ದೊಡ್ಡ ಕಾಯಿಲೆ ಬಂದು ಸಾಲದಲ್ಲಿ ಮುಳುಗಿದ್ದಾರೆ. ಅಧಿಕಾರಿ ನಾಲ್ಕು ವರ್ಷದ ಫೀಸು, ಅಂದರೆ 6 ಲಕ್ಷ, ತಾವೇ ಭರಿಸಲು ನಿರ್ಧರಿಸಿದ್ದಾರೆ. ಕೆಳಗಿನ ಲೆಕ್ಕವೆಲ್ಲ 2025-26ರ ಆರ್ಥಿಕ ವರ್ಷದ ದರಗಳಲ್ಲಿದೆ. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ಆದರೂ ಎಲ್ಲರ ನಾಲಿಗೆಯ ಮೇಲೆ ಇರುವುದು 80ಜಿ, 12ಎ ಎಂಬ ಹಳೆಯ ಹೆಸರುಗಳೇ. ಹಾಗಾಗಿ ನಾನೂ ಅವನ್ನೇ ಬಳಸುತ್ತೇನೆ.

ಮೊದಲ ದಾರಿ: ನೇರವಾಗಿ ಕೈಗೆ ಕೊಡುವುದು

ಉಡುಗೊರೆಯ ಮೇಲಿನ ತೆರಿಗೆ ಮೊದಲು ಕೊಡುವವರ ತಲೆಯ ಮೇಲಿತ್ತು. 1958ರಲ್ಲಿ ಅದಕ್ಕೆಂದೇ ಒಂದು ಪ್ರತ್ಯೇಕ ಕಾಯ್ದೆ ಬಂದಿತ್ತು. 1998ರ ಅಕ್ಟೋಬರ್ 1ರಿಂದ ಕೊಟ್ಟ ಉಡುಗೊರೆಗಳಿಗೆ ಆ ತೆರಿಗೆಯನ್ನು ತೆಗೆದರು. ಆಮೇಲಿನ ಕೆಲವು ವರ್ಷ ಯಾರು ಯಾರಿಗೆ ಎಷ್ಟು ಕೊಟ್ಟರೂ ಎರಡೂ ಕಡೆ ತೆರಿಗೆಯಿಲ್ಲ. ಹಾಗೆ ಬಾಗಿಲು ತೆರೆದಿಟ್ಟರೆ ಕಪ್ಪುಹಣವೆಲ್ಲ 'ಸ್ನೇಹಿತರು ಕೊಟ್ಟ ಉಡುಗೊರೆ'ಯಾಗಿ ಬಿಳಿಯಾಗುತ್ತದೆ. 2004ರಲ್ಲಿ ಸರ್ಕಾರ ಬಾಗಿಲು ಮುಚ್ಚಿತು, ಆದರೆ ಈ ಬಾರಿ ಚಿಲಕ ಹಾಕಿದ್ದು ಪಡೆಯುವವರ ಕಡೆಯಿಂದ. ಈಗ ಕೊಡುವವರಿಗೆ ತೆರಿಗೆಯೂ ಇಲ್ಲ, ಕೊಟ್ಟದ್ದಕ್ಕೆ ಕಡಿತವೂ ಇಲ್ಲ. ನೋಡಬೇಕಾದದ್ದು ಪಡೆದವರ ಆದಾಯದ ಲೆಕ್ಕವನ್ನು ಮಾತ್ರ.

ನಿಯಮ ಇಷ್ಟು: ಸಂಬಂಧಿಕರಲ್ಲದವರಿಂದ ಒಂದು ಆರ್ಥಿಕ ವರ್ಷದಲ್ಲಿ ಬಂದ ಹಣ ಒಟ್ಟು 50,000 ರೂಪಾಯಿ ದಾಟಿದರೆ ಅದು 'ಇತರ ಮೂಲಗಳ ಆದಾಯ'. ಇಲ್ಲಿ ಬಹಳ ಜನ ಎಡವುತ್ತಾರೆ. ಐವತ್ತು ಸಾವಿರ ಕಳೆದು ಉಳಿದದ್ದಕ್ಕೆ ತೆರಿಗೆ ಎಂದುಕೊಳ್ಳುತ್ತಾರೆ. ಹಾಗಲ್ಲ, ಮಿತಿ ಒಂದು ರೂಪಾಯಿ ದಾಟಿದರೂ ಇಡೀ ಮೊತ್ತ ಆದಾಯಕ್ಕೆ ಸೇರುತ್ತದೆ. ಇಬ್ಬರು ಸ್ನೇಹಿತರು ಮೂವತ್ತು ಮೂವತ್ತು ಸಾವಿರ ಕೊಟ್ಟರೆ ಅರವತ್ತೂ ಸೇರುತ್ತದೆ, ಏಕೆಂದರೆ ಲೆಕ್ಕ ಕೊಟ್ಟವರೊಬ್ಬೊಬ್ಬರದ್ದಲ್ಲ, ಪಡೆದವರ ವರ್ಷದ್ದು.

ಸಂಬಂಧಿಕರು ಕೊಟ್ಟರೆ ಎಷ್ಟಾದರೂ ತೆರಿಗೆಯಿಲ್ಲ. ಆದರೆ ಕಾಯ್ದೆಯ ಸಂಬಂಧಿಕರ ಪಟ್ಟಿ ನಮ್ಮ ಮದುವೆ ಕರೆಯೋಲೆಯ ಪಟ್ಟಿಯಷ್ಟು ಉದ್ದವಿಲ್ಲ. ಗಂಡ, ಹೆಂಡತಿ, ಅಣ್ಣತಮ್ಮ, ಅಕ್ಕತಂಗಿ, ಗಂಡನ ಅಥವಾ ಹೆಂಡತಿಯ ಒಡಹುಟ್ಟಿದವರು, ತಂದೆತಾಯಿಯ ಒಡಹುಟ್ಟಿದವರು, ಇಬ್ಬರ ಕಡೆಯಿಂದಲೂ ನೇರ ಸಾಲಿನ ಹಿರಿಯರು ಕಿರಿಯರು, ಮತ್ತೆ ಇವರೆಲ್ಲರ ಸಂಗಾತಿಗಳು, ಅಷ್ಟೇ. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು ಇದರಲ್ಲಿಲ್ಲ. ಇನ್ನೊಂದು ವಿಚಿತ್ರವಿದೆ. ಪಟ್ಟಿಯನ್ನು ಓದಬೇಕಾದದ್ದು ಪಡೆಯುವವರ ಕಡೆಯಿಂದ. ಸೋದರಮಾವ ಅಳಿಯನಿಗೆ ಐದು ಲಕ್ಷ ಕೊಟ್ಟರೆ ಆತ 'ತಾಯಿಯ ಒಡಹುಟ್ಟಿದವನು', ತೆರಿಗೆ ಇಲ್ಲ. ಅದೇ ಅಳಿಯ ದುಡಿಯಲು ಶುರುಮಾಡಿ ಸೋದರಮಾವನ ಆಪರೇಷನ್ನಿಗೆ ಐದು ಲಕ್ಷ ಕೊಟ್ಟರೆ, ಮಾವನ ಪಟ್ಟಿಯಲ್ಲಿ 'ಅಕ್ಕನ ಮಗ' ಎಂಬ ಸಾಲೇ ಇಲ್ಲ. ಆ ಐದು ಲಕ್ಷ ಮಾವನ ಆದಾಯ. ಇಂಥ ಸಂದರ್ಭದಲ್ಲಿ ಅಳಿಯ ತನ್ನ ತಾಯಿಗೆ ಕೊಟ್ಟು, ತಾಯಿ ತನ್ನ ತಮ್ಮನಿಗೆ ಕೊಡುವುದುಂಟು. ಎರಡೂ ನಿಜವಾದ ಉಡುಗೊರೆಗಳೇ ಆಗಿದ್ದರೆ ಎರಡಕ್ಕೂ ವಿನಾಯಿತಿ ಇದೆ. ತಾಯಿ ಬರೀ ಕೈದಾಟಿಸುವ ಕೊಂಡಿ ಎಂದು ತೆರಿಗೆ ಅಧಿಕಾರಿಗೆ ಕಂಡರೆ ಪ್ರಶ್ನೆ ಬರುತ್ತದೆ.

ಮದುವೆಯಲ್ಲಿ ವಧುವರರಿಗೆ ಬಂದ ಮುಯ್ಯಿಗೆ ವಿನಾಯಿತಿ ಇದೆ, ಯಾರೇ ಕೊಟ್ಟಿರಲಿ. ಅವರ ಅಪ್ಪ ಅಮ್ಮನ ಕೈಗೆ, ಅವರ ಹೆಸರಲ್ಲಿ ಬಂದದ್ದಕ್ಕೆ ಇಲ್ಲ. ಗೃಹಪ್ರವೇಶ, ಉಪನಯನ, ಹುಟ್ಟುಹಬ್ಬಕ್ಕೂ ಇಲ್ಲ.

ಈಗ ನಮ್ಮ ಆರು ಲಕ್ಷಕ್ಕೆ ಬರೋಣ. ಅಧಿಕಾರಿ ಹುಡುಗಿಗೆ ಕಾಯ್ದೆಯ ಪ್ರಕಾರ ಯಾರೂ ಅಲ್ಲ. ಸ್ನೇಹದ ಮೇಲೆ ಹಣವನ್ನು ತಂದೆಯ ಖಾತೆಗೆ ಒಂದೇ ಸಲ ಹಾಕಿದರು ಎಂದಿಟ್ಟುಕೊಳ್ಳಿ. ತಂದೆಯ 11 ಲಕ್ಷಕ್ಕೆ ಹೊಸ ಪದ್ಧತಿಯಲ್ಲಿ ತೆರಿಗೆ ಸೊನ್ನೆ, ಏಕೆಂದರೆ 12 ಲಕ್ಷದವರೆಗೆ ರಿಬೇಟ್ ಇದೆ. ಆರು ಲಕ್ಷ ಸೇರಿದೊಡನೆ ಆದಾಯ 17 ಲಕ್ಷವಾಗಿ ರಿಬೇಟ್ ಪೂರ್ತಿ ಹೋಗುತ್ತದೆ. ಸ್ಲ್ಯಾಬುಗಳ ಪ್ರಕಾರ 1,40,000, ಅದರ ಮೇಲೆ ಶೇಕಡ 4ರ ಸೆಸ್, ಒಟ್ಟು 1,45,600 ರೂಪಾಯಿ. ಹೆಚ್ಚುಕಡಿಮೆ ಒಂದು ವರ್ಷದ ಫೀಸಿನಷ್ಟು ತೆರಿಗೆಗೆ ಹೋಯಿತು.

ಅದೇ ಹಣವನ್ನು ಹುಡುಗಿಯ ಸ್ವಂತ ಖಾತೆಗೆ ಹಾಕಿದರೆ? ಅವಳಿಗೆ ಬೇರೆ ಆದಾಯವಿಲ್ಲ. ಆರು ಲಕ್ಷ ಒಟ್ಟಿಗೆ ಬಂದರೂ 12 ಲಕ್ಷದ ಒಳಗೇ ಇರುವುದರಿಂದ ರಿಬೇಟ್ ಸಿಕ್ಕಿ ತೆರಿಗೆ ಸೊನ್ನೆ. ಆದರೆ ಆದಾಯ ನಾಲ್ಕು ಲಕ್ಷದ ಮೂಲ ಮಿತಿ ದಾಟಿರುವುದರಿಂದ ಅವಳು ರಿಟರ್ನ್ ಸಲ್ಲಿಸಬೇಕು. ವರ್ಷಕ್ಕೆ ಒಂದೂವರೆ ಲಕ್ಷದಂತೆ ನಾಲ್ಕು ವರ್ಷ ಕೊಟ್ಟರೆ ಆ ಮಿತಿಯನ್ನೂ ಮುಟ್ಟುವುದಿಲ್ಲ, ರಿಟರ್ನಿನ ಗೋಜೂ ಇಲ್ಲ. 'ಐವತ್ತು ಸಾವಿರ ದಾಟಿದರೆ ಟ್ಯಾಕ್ಸ್' ಎಂಬ ಮಾತು ಹೆದರಿಸುವಷ್ಟು ದೊಡ್ಡದಲ್ಲ ಎಂದು ನಾನು ಹೇಳುವುದು ಇದಕ್ಕೇ. ದಾಟಿದರೆ ಅದು ಆದಾಯವಾಗುತ್ತದೆ ಎಂಬುದು ನಿಜ, ಆದಾಯವಾದದ್ದಕ್ಕೆಲ್ಲ ತೆರಿಗೆ ಬೀಳುತ್ತದೆ ಎಂಬುದು ನಿಜವಲ್ಲ.

ವಯಸ್ಸು ಇಲ್ಲಿ ಮುಖ್ಯ. ಹುಡುಗಿ ಇನ್ನೂ ಪಿಯುಸಿಯಲ್ಲಿದ್ದು ಹದಿನೆಂಟು ತುಂಬದೆ ಇದ್ದರೆ, ಅವಳಿಗೆ ಬಂದ ಹಣ ತಂದೆತಾಯಿಯಲ್ಲಿ ಯಾರ ಆದಾಯ ಹೆಚ್ಚೋ ಅವರ ಲೆಕ್ಕಕ್ಕೆ ಸೇರುತ್ತದೆ. ಖಾತೆ ಯಾರ ಹೆಸರಿನಲ್ಲಿದ್ದರೂ ಮೇಲಿನ 1,45,600ರ ಲೆಕ್ಕವೇ ಮರಳಿ ಬರುತ್ತದೆ. ಹಣ ಬ್ಯಾಂಕಿನ ಮೂಲಕವೇ ಹೋಗಲಿ, ಜೊತೆಗೆ ಒಂದು ಪುಟದ ಪತ್ರವಿರಲಿ: ಯಾರು, ಯಾರಿಗೆ, ಎಷ್ಟು, ಯಾವುದಕ್ಕಾಗಿ, ವಾಪಸು ಕೇಳುವುದಿಲ್ಲ ಎಂಬ ಮಾತು, ಎರಡೂ ಕಡೆಯ ಪ್ಯಾನ್. ನಗದಾಗಿ ಎರಡು ಲಕ್ಷ ಅಥವಾ ಮೇಲ್ಪಟ್ಟು ಪಡೆದರೆ ಪಡೆದಷ್ಟೇ ದಂಡ ಹಾಕುವ ಅವಕಾಶ ಕಾನೂನಿನಲ್ಲಿದೆ.

ಎರಡನೇ ದಾರಿ: 80ಜಿ ಇರುವ ಟ್ರಸ್ಟಿಗೆ ದೇಣಿಗೆ

ಮೊದಲು ಒಂದು ಗೊಂದಲ ಬಿಡಿಸಬೇಕು. ಟ್ರಸ್ಟಿಗೆ ಎರಡು ಬೇರೆ ಬೇರೆ ಮಾನ್ಯತೆಗಳಿರುತ್ತವೆ. ಹಿಂದೆ 12ಎ, ಆಮೇಲೆ 12ಎಬಿ ಎನ್ನಿಸಿಕೊಂಡ ನೋಂದಣಿ ಟ್ರಸ್ಟಿನ ಸ್ವಂತ ಆದಾಯಕ್ಕೆ ವಿನಾಯಿತಿ ಕೊಡುತ್ತದೆ. 80ಜಿ ಮಾನ್ಯತೆ ದಾನಿಗೆ ಕಡಿತ ಕೊಡುತ್ತದೆ. ಮೊದಲನೆಯದು ಇದ್ದವರಿಗೆಲ್ಲ ಎರಡನೆಯದು ಇರಲೇಬೇಕೆಂದಿಲ್ಲ. ದೇವಸ್ಥಾನದ ಟ್ರಸ್ಟುಗಳನ್ನೇ ನೋಡಿ. ಧಾರ್ಮಿಕ ಉದ್ದೇಶದ ಸಾರ್ವಜನಿಕ ಟ್ರಸ್ಟಿನ ಆದಾಯಕ್ಕೆ ವಿನಾಯಿತಿ ಇದೆ, ಆದರೆ ಅಲ್ಲಿಗೆ ಕೊಟ್ಟ ಭಕ್ತರಿಗೆ ಸಾಮಾನ್ಯವಾಗಿ 80ಜಿ ಇಲ್ಲ. ಸರ್ಕಾರ ಅಧಿಸೂಚನೆಯಲ್ಲಿ ಹೆಸರಿಸಿದ ಐತಿಹಾಸಿಕ ಅಥವಾ ಪ್ರಸಿದ್ಧ ದೇವಾಲಯ, ಮಸೀದಿ, ಗುರುದ್ವಾರ, ಚರ್ಚುಗಳ ಜೀರ್ಣೋದ್ಧಾರಕ್ಕೆ ಕೊಟ್ಟದ್ದಕ್ಕೆ ಮಾತ್ರ ಇದೆ. ಒಂದೇ ಜಾತಿಯವರಿಗೆ ಅಥವಾ ಒಂದೇ ಧರ್ಮದವರಿಗೆ ಎಂದು ಬರೆದುಕೊಂಡ ವಿದ್ಯಾರ್ಥಿನಿಲಯದ ಟ್ರಸ್ಟಿಗೂ ಇದೇ ತೊಡಕು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಮಹಿಳೆಯರು ಮತ್ತು ಮಕ್ಕಳಿಗಾಗಿ ಇರುವವಕ್ಕೆ ಈ ಅಡ್ಡಿಯಿಲ್ಲ.

ಇನ್ನು ದಾನಿಯ ಲಾಭ. ಸಾಮಾನ್ಯ ಟ್ರಸ್ಟಿಗೆ ಕೊಟ್ಟರೆ ಕಡಿತ ಸಿಗುವುದು ಕೊಟ್ಟದ್ದರ ಅರ್ಧಕ್ಕೆ. ಅದಕ್ಕೂ ಮೊದಲು ಒಂದು ಮಿತಿ: ಬೇರೆ ಕಡಿತಗಳನ್ನೆಲ್ಲ ಕಳೆದ ಆದಾಯದ ಶೇಕಡ 10ರಷ್ಟು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ನಮ್ಮ ಅಧಿಕಾರಿಗೆ ಹಳೆಯ ಪದ್ಧತಿಯಲ್ಲಿ 22 ಲಕ್ಷದಿಂದ 50,000 ಸ್ಟ್ಯಾಂಡರ್ಡ್ ಡಿಡಕ್ಷನ್, ಒಂದೂವರೆ ಲಕ್ಷದ 80ಸಿ ಹೋಗಿ 20 ಲಕ್ಷ ಉಳಿಯುತ್ತದೆ. ಅದರ ಶೇಕಡ 10 ಎಂದರೆ 2 ಲಕ್ಷ. ಆರು ಲಕ್ಷ ಒಟ್ಟಿಗೆ ಕೊಟ್ಟರೂ ಲೆಕ್ಕಕ್ಕೆ ಬರುವುದು ಎರಡು ಲಕ್ಷ, ಕಡಿತ ಅದರಲ್ಲಿ ಅರ್ಧ, ಒಂದು ಲಕ್ಷ. ಶೇಕಡ 30ರ ಸ್ಲ್ಯಾಬಿನಲ್ಲಿ ಸೆಸ್ ಸೇರಿ ಉಳಿತಾಯ 31,200 ರೂಪಾಯಿ. ಉಳಿದ ನಾಲ್ಕು ಲಕ್ಷದ ದಾನ ಮುಂದಿನ ವರ್ಷಕ್ಕೆ ಸಾಗುವುದಿಲ್ಲ, ತೆರಿಗೆಯ ಲೆಕ್ಕದಲ್ಲಿ ಅದು ಇಲ್ಲದ ಹಾಗೆ. ಆದಾಯ ಹೀಗೇ ಇದ್ದು ಮೂರು ವರ್ಷ ಎರಡೆರಡು ಲಕ್ಷ ಕೊಟ್ಟಿದ್ದರೆ ಉಳಿತಾಯ ಮೂರು ಪಟ್ಟು, 93,600 ಆಗುತ್ತಿತ್ತು.

ಈ ಲೆಕ್ಕವನ್ನು ಬಹಳ ಜನ ಇಲ್ಲಿಗೇ ನಿಲ್ಲಿಸಿ ಸಂತೋಷಪಡುತ್ತಾರೆ. ನಿಲ್ಲಿಸಬಾರದು. 80ಜಿ ಸಿಗುವುದು ಹಳೆಯ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ, ಅಂದರೆ 2023-24ರಿಂದ ನೀವು ಬೇರೆಯದನ್ನು ಆರಿಸದಿದ್ದರೆ ತಾನಾಗಿ ಅನ್ವಯಿಸುವ ಪದ್ಧತಿಯಲ್ಲಿ, ವ್ಯಕ್ತಿಗಳಿಗೆ ಅದು ಇಲ್ಲ. ಹಾಗಾದರೆ ಅಧಿಕಾರಿ 80ಜಿಗೋಸ್ಕರ ಹಳೆಯ ಪದ್ಧತಿಯಲ್ಲಿ ಉಳಿದರೆ ಏನಾಗುತ್ತದೆ? ಒಂದು ಲಕ್ಷ ಕಡಿತದ ನಂತರ ಹಳೆಯ ಪದ್ಧತಿಯ ತೆರಿಗೆ 19 ಲಕ್ಷಕ್ಕೆ 3,97,800 ರೂಪಾಯಿ. ಅದೇ ಸಂಬಳಕ್ಕೆ ಹೊಸ ಪದ್ಧತಿಯಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 21,25,000ಕ್ಕೆ ತೆರಿಗೆ 2,40,500. ಮೂವತ್ತೊಂದು ಸಾವಿರ ಉಳಿಸಲು ಹೋಗಿ ಅವರು 1,57,300 ರೂಪಾಯಿ ಹೆಚ್ಚು ಕಟ್ಟುತ್ತಾರೆ.

ಇನ್ನೂ ಮುಂದೆ ಹೋಗೋಣ. ಆರು ಲಕ್ಷವನ್ನೂ ಪ್ರಧಾನಮಂತ್ರಿಗಳ ರಾಷ್ಟ್ರೀಯ ಪರಿಹಾರ ನಿಧಿಗೋ ಮುಖ್ಯಮಂತ್ರಿಗಳ ಪರಿಹಾರ ನಿಧಿಗೋ ಕೊಟ್ಟರು ಎನ್ನಿ. ಅಲ್ಲಿ ಮಿತಿಯೇ ಇಲ್ಲ, ಕೊಟ್ಟದ್ದಷ್ಟೂ ಕಡಿತ. ಹಳೆಯ ಪದ್ಧತಿಯಲ್ಲಿ 14 ಲಕ್ಷಕ್ಕೆ ತೆರಿಗೆ 2,41,800. ಏನೂ ದಾನ ಮಾಡದೆ ಹೊಸ ಪದ್ಧತಿಯಲ್ಲಿದ್ದರೆ 2,40,500. ಈ ಸಂಬಳದವರಿಗೆ ಆರು ಲಕ್ಷದ ಪೂರ್ಣ ಕಡಿತವೂ ಹೊಸ ಪದ್ಧತಿಯನ್ನು ಮೀರಿಸಲಾರದು, ಸಾವಿರದ ಮುನ್ನೂರು ರೂಪಾಯಿ ಹಿಂದೆಯೇ ಬೀಳುತ್ತದೆ. ದೊಡ್ಡ ಗೃಹಸಾಲದ ಬಡ್ಡಿ, ಮನೆಬಾಡಿಗೆ ಭತ್ಯೆಯ ವಿನಾಯಿತಿ ಇದ್ದು ಈಗಾಗಲೇ ಹಳೆಯ ಪದ್ಧತಿಯೇ ಲಾಭ ಎನ್ನುವವರಿಗೆ ಮಾತ್ರ 80ಜಿ ನಿಜವಾದ ಉಳಿತಾಯ. ಮಿಕ್ಕವರು ಟ್ರಸ್ಟನ್ನು ಅದರ ಕೆಲಸ ನೋಡಿ ಆರಿಸಲಿ, ರಸೀದಿ ನೋಡಿ ಅಲ್ಲ.

ಹಳೆಯ ಪದ್ಧತಿಯವರು ರಸೀದಿಯನ್ನು ನೋಡಲೇಬೇಕು. ನಗದಾಗಿ ಕೊಟ್ಟದ್ದು 2,000 ರೂಪಾಯಿ ದಾಟಿದರೆ ಕಡಿತ ಇಲ್ಲ. ಅಕ್ಕಿ, ಬಟ್ಟೆ, ಕಂಪ್ಯೂಟರ್ ಕೊಟ್ಟರೆ ಬೆಲೆ ಎಷ್ಟೇ ಇರಲಿ, ಕಡಿತ ಇಲ್ಲ. ಟ್ರಸ್ಟು ಅಚ್ಚು ಹಾಕಿಸಿದ ರಸೀದಿ ಒಂದೇ ಈಗ ಸಾಲದು. ಯಾರು ಎಷ್ಟು ಕೊಟ್ಟರು ಎಂಬ ವಿವರವನ್ನು ಟ್ರಸ್ಟು ವರ್ಷ ಮುಗಿದ ಮೇಲೆ ಮೇ 31ರೊಳಗೆ ಇಲಾಖೆಗೆ ಸಲ್ಲಿಸಿ, 10ಬಿಇ ಎಂದು ರೂಢಿಯಲ್ಲಿರುವ ಪ್ರಮಾಣಪತ್ರವನ್ನು ಇಲಾಖೆಯ ಪೋರ್ಟಲಿನಿಂದ ಇಳಿಸಿ ದಾನಿಗೆ ಕೊಡಬೇಕು. ಅದರಲ್ಲಿ ನಿಮ್ಮ ಪ್ಯಾನ್ ಒಂದಕ್ಷರ ತಪ್ಪಿದ್ದರೂ ನಿಮ್ಮ ಕಡಿತ ಇಲಾಖೆಯ ಲೆಕ್ಕಕ್ಕೆ ಹೊಂದುವುದಿಲ್ಲ, ನೋಟಿಸ್ ಬರುತ್ತದೆ. ಜೂನ್ ತಿಂಗಳಲ್ಲಿ ಟ್ರಸ್ಟಿಗೆ ಫೋನ್ ಮಾಡಿ 10ಬಿಇ ಕೇಳಿ. 'ಅದೇನು?' ಎಂದು ಅವರೇ ನಿಮ್ಮನ್ನು ಕೇಳಿದರೆ ಅರ್ಥಮಾಡಿಕೊಳ್ಳಿ. ಒಂದು ಲಕ್ಷದ ಚೆಕ್ ಕೊಡಿ, ಅಷ್ಟು ಪರ್ಸೆಂಟ್ ಹಿಡಿದುಕೊಂಡು ಉಳಿದದ್ದನ್ನು ನಗದಾಗಿ ವಾಪಸು ಕೊಡುತ್ತೇವೆ ಎನ್ನುವವರೂ ಇದ್ದಾರೆ. ಅಂಥ ಒಂದು ಟ್ರಸ್ಟಿನ ಮೇಲೆ ತನಿಖೆ ನಡೆದರೆ ಅದರ ದಾನಿಗಳ ಪಟ್ಟಿಯಲ್ಲಿರುವ ಎಲ್ಲರಿಗೂ ನೋಟಿಸ್ ಹೋಗುತ್ತದೆ.

ಈ ದಾರಿಯಲ್ಲಿ ನಮ್ಮ ಹುಡುಗಿಯ ಕಥೆಯೇನು? ನೋಂದಾಯಿತ ಟ್ರಸ್ಟಿನಿಂದ ಬಂದ ಹಣ ಐವತ್ತು ಸಾವಿರದ ನಿಯಮದಿಂದ ಹೊರಗಿದೆ, ಓದಿನ ವೆಚ್ಚಕ್ಕೆ ಕೊಟ್ಟ ವಿದ್ಯಾರ್ಥಿವೇತನಕ್ಕೆ ಪ್ರತ್ಯೇಕ ವಿನಾಯಿತಿಯೂ ಇದೆ. ಹಾಗಾಗಿ ಅವಳ ಕಡೆ ತೆರಿಗೆಯಿಲ್ಲ. ಆದರೆ ಅಧಿಕಾರಿ ಆರು ಲಕ್ಷ ಕೊಟ್ಟು 'ಇದನ್ನು ಇವಳಿಗೇ ಕೊಡಿ' ಎಂದರೆ ಒಳ್ಳೆಯ ಟ್ರಸ್ಟು ಒಪ್ಪುವುದಿಲ್ಲ. ಅರ್ಜಿ ಕರೆದು, ಅಂಕ ಮತ್ತು ಮನೆಯ ಸ್ಥಿತಿ ನೋಡಿ ಆಯ್ಕೆ ಮಾಡುವುದು ಅದರ ಕೆಲಸ. ಒಪ್ಪುವ ಟ್ರಸ್ಟು ತನ್ನ ವಿನಾಯಿತಿಯನ್ನು ಬಾಡಿಗೆಗೆ ಕೊಡುತ್ತಿದೆ ಎಂದೇ ಲೆಕ್ಕ.

ವಿನಾಯಿತಿ ಏಕೆ, ಯಾರಿಗೆ

ಟ್ರಸ್ಟಿಗೆ ಬಂದ ದೇಣಿಗೆ ಕಾಯ್ದೆಯ ಕಣ್ಣಿನಲ್ಲಿ ಅದರ ಆದಾಯವೇ. ಹಾಗಿದ್ದೂ ತೆರಿಗೆ ಕೇಳದೆ ಬಿಡುವುದಕ್ಕೆ ಕಾರಣ, ಆ ಹಣಕ್ಕೆ ಸ್ವಂತ ಒಡೆಯರಿಲ್ಲ. ಟ್ರಸ್ಟಿಗಳು ಅದನ್ನು ಸಾರ್ವಜನಿಕರಿಗಾಗಿ ಹಿಡಿದುಕೊಂಡವರು ಮಾತ್ರ. ಸರ್ಕಾರ ಬೊಕ್ಕಸದಿಂದ ಮಾಡಬೇಕಾದ ಕೆಲಸವನ್ನೇ ಅವರು ಮಾಡುತ್ತಿದ್ದಾರೆ ಎಂಬ ನಂಬಿಕೆಯ ಮೇಲೆ ತೆರಿಗೆ ಬಿಟ್ಟುಕೊಡುತ್ತಾರೆ. ಆ ನಂಬಿಕೆ ಎಲ್ಲಿ ಮುರಿಯಬಹುದೋ ಅಲ್ಲೆಲ್ಲ ಒಂದೊಂದು ಷರತ್ತು ನಿಂತಿದೆ. ಹಣ ಕೂಡಿಟ್ಟುಕೊಂಡು ಕೂರಬಾರದೆಂದು, ವರ್ಷದ ಆದಾಯದ ಶೇಕಡ 85ನ್ನು ಉದ್ದೇಶಕ್ಕೆ ಖರ್ಚು ಮಾಡಬೇಕು. ಮನೆಯವರಿಗೇ ಹಂಚಿಕೊಳ್ಳಬಾರದೆಂದು, ಸ್ಥಾಪಕರು, ಟ್ರಸ್ಟಿಗಳು ಮತ್ತು ಅವರ ಸಂಬಂಧಿಕರಿಗೆ ಲಾಭ ಹೋಗುವಂತಿಲ್ಲ. ಎಲ್ಲೆಂದರಲ್ಲಿ ತೊಡಗಿಸಿ ಕಳೆಯಬಾರದೆಂದು, ಉಳಿದ ಹಣವನ್ನು ಕಾಯ್ದೆ ಹೇಳಿದ ಬ್ಯಾಂಕು, ಸರ್ಕಾರಿ ಬಾಂಡ್ ಮೊದಲಾದ ಕಡೆಗಳಲ್ಲೇ ಇಡಬೇಕು. ಹುಂಡಿಗೆ ಹೆಸರಿಲ್ಲದೆ ಬಂದ ಹಣಕ್ಕೆ ಪೂರ್ತಿ ಧಾರ್ಮಿಕವಾದ ಟ್ರಸ್ಟಿಗೆ ತೊಂದರೆಯಿಲ್ಲ, ಆಸ್ಪತ್ರೆಯ ಟ್ರಸ್ಟಿಗೆ ಒಂದು ಮಿತಿಯಾಚೆ ಶೇಕಡ 30 ತೆರಿಗೆ. ದೇವರ ಹುಂಡಿಗೆ ಹೆಸರು ಬರೆದು ಹಾಕುವವರಿಲ್ಲ ಎಂಬುದನ್ನು ಶಾಸನವೂ ಒಪ್ಪಿಕೊಂಡಿದೆ.

ಹೆಚ್ಚು ಜಗಳ ನಡೆದಿರುವುದು 'ಉದ್ದೇಶ' ಯಾವುದು ಎಂಬುದರ ಮೇಲೆ. ಬಡವರಿಗೆ ನೆರವು, ಶಿಕ್ಷಣ, ಯೋಗ, ವೈದ್ಯಕೀಯ ನೆರವು, ಪರಿಸರ ಮತ್ತು ಸ್ಮಾರಕಗಳ ರಕ್ಷಣೆ, ಕೊನೆಗೆ 'ಸಾರ್ವಜನಿಕ ಉಪಯೋಗದ ಇತರ ಉದ್ದೇಶ' ಎಂಬ ದೊಡ್ಡ ಚೀಲ. ಈ ಕೊನೆಯ ಚೀಲದವರಿಗೆ ಮಾತ್ರ ವ್ಯಾಪಾರದಂಥ ಚಟುವಟಿಕೆಯ ಆದಾಯ ಒಟ್ಟು ಸ್ವೀಕೃತಿಯ ಶೇಕಡ 20 ದಾಟಬಾರದೆಂಬ ಬೇಲಿಯಿದೆ. ಹಾಗಾಗಿ ಎಲ್ಲರಿಗೂ 'ಶಿಕ್ಷಣ' ಎನ್ನಿಸಿಕೊಳ್ಳುವ ಆಸೆ. ನಮ್ಮದೇ ನಾಡಿನ ಒಂದು ಪ್ರಕರಣ ಇದರಲ್ಲಿ ಇಡೀ ದೇಶಕ್ಕೆ ದಾರಿ ಹಾಕಿಕೊಟ್ಟಿತು. 'ಸಂಯುಕ್ತ ಕರ್ನಾಟಕ' ಪತ್ರಿಕೆಯನ್ನು ನಡೆಸುತ್ತಿದ್ದ ಲೋಕ ಶಿಕ್ಷಣ ಟ್ರಸ್ಟ್, ಪತ್ರಿಕೆ ಜನರನ್ನು ತಿದ್ದುತ್ತದೆ, ಹಾಗಾಗಿ ನಮ್ಮದು ಶಿಕ್ಷಣ ಎಂದು ವಾದಿಸಿತು. ಸುಪ್ರೀಂ ಕೋರ್ಟ್ 1975ರಲ್ಲಿ ಒಪ್ಪಲಿಲ್ಲ. ಪತ್ರಿಕೆ ಓದಿದರೂ, ಊರು ಸುತ್ತಿದರೂ ತಿಳಿವಳಿಕೆ ಬರುತ್ತದೆ, ಆದರೆ ಕಾಯ್ದೆ ಹೇಳುವ ಶಿಕ್ಷಣ ಕ್ರಮಬದ್ಧವಾದ ಕಲಿಕೆ, ಶಾಲೆಯ ರೀತಿಯದು ಎಂಬುದು ಅದರ ನಿಲುವು. ಸಾರ್ವಜನಿಕ ಉಪಯೋಗದ ಉದ್ದೇಶವೆಂದು ನೋಡಿದರೂ, ಲಾಭದ ಚಟುವಟಿಕೆ ಇದೆ ಎಂಬ ಕಾರಣಕ್ಕೆ ವಿನಾಯಿತಿ ಸಿಗಲಿಲ್ಲ. 2022ರಲ್ಲಿ ನ್ಯೂ ನೋಬಲ್ ಎಜುಕೇಷನಲ್ ಸೊಸೈಟಿ ಪ್ರಕರಣದಲ್ಲಿ ಅದೇ ನ್ಯಾಯಾಲಯ ಈ ವ್ಯಾಖ್ಯೆಯನ್ನೇ ಮತ್ತೆ ಹಿಡಿಯಿತು.

ಮೂರನೇ ದಾರಿ: ಸ್ವಂತ ಟ್ರಸ್ಟ್

ತಾಯಿಯ ಹೆಸರಲ್ಲಿ ಟ್ರಸ್ಟ್ ಮಾಡುವ ಆಸೆ ಸಹಜ. ಡೀಡ್ ಬರೆಸಿ ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸುವುದು ಒಂದು ದಿನದ ಕೆಲಸ. ತೆರಿಗೆ ವಿನಾಯಿತಿ ಅದರಿಂದ ಬರುವುದಿಲ್ಲ. ಆದಾಯ ತೆರಿಗೆ ಇಲಾಖೆಗೆ ಬೇರೆ ಅರ್ಜಿ ಹಾಕಬೇಕು. ಕೆಲಸ ಶುರುಮಾಡದ ಹೊಸ ಟ್ರಸ್ಟಿಗೆ ಮೊದಲು ಮೂರು ವರ್ಷದ ತಾತ್ಕಾಲಿಕ ನೋಂದಣಿ, ಶುರುವಾದ ಮೇಲೆ ಕೆಲಸದ ಪುರಾವೆ ತೋರಿಸಿ ಖಾಯಂ ಎನ್ನಬಹುದಾದ ನೋಂದಣಿ. ಅದೂ ಐದು ವರ್ಷಕ್ಕೊಮ್ಮೆ ನವೀಕರಣವಾಗಬೇಕು. 2025ರಲ್ಲಿ ಸಣ್ಣ ಟ್ರಸ್ಟುಗಳಿಗೆ ಅದನ್ನು ಹತ್ತು ವರ್ಷಕ್ಕೆ ಏರಿಸಿದ್ದಾರೆ.

ಡೀಡಿನಲ್ಲಿ 'ನನ್ನ ಸ್ನೇಹಿತನ ಮಗಳ ಓದಿಗೆ' ಎಂದು ಬರೆದರೆ ಅದು ಖಾಸಗಿ ಟ್ರಸ್ಟ್, ದತ್ತಿ ಟ್ರಸ್ಟ್ ಅಲ್ಲ. ಒಬ್ಬರಿಗೆಂದೇ ಇರುವುದು ಎಷ್ಟೇ ಪುಣ್ಯದ ಕೆಲಸವಾದರೂ ಸಾರ್ವಜನಿಕವಲ್ಲ, ವಿನಾಯಿತಿಗೆ ಸಲ್ಲದು. 'ಬಡ ವಿದ್ಯಾರ್ಥಿಗಳ ಓದಿಗೆ' ಎಂದು ಬರೆದು ಮೊದಲ ಫಲಾನುಭವಿಯಾಗಿ ಇವಳನ್ನು ಆರಿಸಬಹುದು, ಆದರೆ ನಾಲ್ಕು ವರ್ಷ ಅವಳೊಬ್ಬಳೇ ಇದ್ದರೆ ನವೀಕರಣದ ಹೊತ್ತಿಗೆ ಪುಸ್ತಕ ತೆರೆದ ತೆರಿಗೆ ಅಧಿಕಾರಿ ಕೇಳದೆ ಬಿಡುವುದಿಲ್ಲ.

ಹಣದ ಲೆಕ್ಕವೂ ಕೂಡಿಬರುವುದಿಲ್ಲ. ಆರು ಲಕ್ಷವನ್ನು ಮೂಲಧನ ಎಂದು ಲಿಖಿತವಾಗಿ ಸೂಚಿಸಿ ಕೊಟ್ಟರೆ ಅದನ್ನು ಖರ್ಚಿನ ಶೇಕಡ 85ರ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ಉಳಿದು ಬಡ್ಡಿ ಮಾತ್ರ ಬಳಕೆಗೆ ಬರುತ್ತದೆ. ಬ್ಯಾಂಕಿನಲ್ಲಿ ಶೇಕಡ 7 ಎಂದುಕೊಂಡರೂ ವರ್ಷಕ್ಕೆ 42,000. ಹುಡುಗಿಯ ಫೀಸಿನ ಮೂರನೇ ಒಂದು ಭಾಗವೂ ಅಲ್ಲ. ಮೂಲಧನವೆಂದು ಸೂಚಿಸದೆ ಕೊಟ್ಟರೆ ಆರು ಲಕ್ಷವೂ ಆ ವರ್ಷದ ಆದಾಯ, 5,10,000 ರೂಪಾಯಿ ಆ ವರ್ಷವೇ ಖರ್ಚಾಗಬೇಕು. ಫೀಸು ಒಂದೂವರೆ ಲಕ್ಷ. ಉಳಿದ 3,60,000ವನ್ನು ಯಾವ ಉದ್ದೇಶಕ್ಕೆ, ಎಷ್ಟು ವರ್ಷಕ್ಕೆ ಎತ್ತಿಡುತ್ತೇವೆ ಎಂದು ಗಡುವಿನೊಳಗೆ ಇಲಾಖೆಗೆ ಹೇಳಿಕೆ ಕೊಡಬೇಕು, ಐದು ವರ್ಷದಲ್ಲಿ ಅದಕ್ಕೇ ಖರ್ಚು ಮಾಡಬೇಕು. ಹೇಳಿಕೆಯ ಗಡುವು ತಪ್ಪಿದರೆ ವಿನಾಯಿತಿಯೂ ತಪ್ಪುತ್ತದೆ. ಇದರ ಮೇಲೆ ಟ್ರಸ್ಟಿನ ಪ್ಯಾನ್, ಪುಸ್ತಕಗಳು, ಐಟಿಆರ್-7, ಆದಾಯ ಮೂಲ ಮಿತಿ ದಾಟಿದ ವರ್ಷ ಆಡಿಟ್.

ಇನ್ನೊಂದು ಮಾತು ಡೀಡ್ ಬರೆಯುವವರು ಸಾಮಾನ್ಯವಾಗಿ ಹೇಳುವುದಿಲ್ಲ. ನವೀಕರಣಕ್ಕೆ ಸಕಾಲದಲ್ಲಿ ಅರ್ಜಿ ಹಾಕದೆ ನೋಂದಣಿ ತಪ್ಪಿದರೆ, ತೆರಿಗೆ ಬರೀ ಆ ವರ್ಷದ ಆದಾಯಕ್ಕೆ ಬೀಳುವುದಲ್ಲ. ಸಾಲ ಕಳೆದು ಟ್ರಸ್ಟಿನ ಬಳಿ ಉಳಿದ ಆಸ್ತಿಯ ಮಾರುಕಟ್ಟೆ ಬೆಲೆಯ ಮೇಲೆ ಗರಿಷ್ಠ ದರದಲ್ಲಿ ನಿರ್ಗಮನ ತೆರಿಗೆ ಬೀಳಬಹುದು. ಸ್ಥಾಪಕರು ತೀರಿಕೊಂಡು, ಮಕ್ಕಳು ಪರದೇಶದಲ್ಲಿದ್ದು, ಪೋರ್ಟಲಿನ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲದ ಟ್ರಸ್ಟುಗಳಿಗೆ ಇದು ದೂರದ ಅಪಾಯವಲ್ಲ.

ಸ್ವಂತ ಟ್ರಸ್ಟ್ ಯಾರಿಗೆ ಸರಿ ಎಂದರೆ, ಕೊಡುವ ಹಣದ ಬಡ್ಡಿಯಿಂದಲೇ ವರ್ಷವರ್ಷವೂ ಹಲವರಿಗೆ ವೇತನ ಕೊಡಬಹುದಾದಷ್ಟು ಮೂಲಧನವಿದ್ದು, ಪುಸ್ತಕ ನೋಡಿಕೊಳ್ಳಲು ತಮ್ಮ ನಂತರವೂ ಒಬ್ಬರಿದ್ದಾರೆ ಎನ್ನುವವರಿಗೆ. ತಾಯಿಯ ಹೆಸರು ಉಳಿಯಲಿ ಎಂಬುದಷ್ಟೇ ಆಸೆಯಾದರೆ, ಈಗಾಗಲೇ ಚೆನ್ನಾಗಿ ನಡೆಯುತ್ತಿರುವ ಒಂದು ಟ್ರಸ್ಟಿಗೋ ತಾವು ಓದಿದ ಕಾಲೇಜಿಗೋ ಮೂಲಧನ ಕೊಟ್ಟು ಆ ಹೆಸರಿನ ದತ್ತಿನಿಧಿ ಇಡಿಸುವುದು ಎಷ್ಟೋ ಹಗುರ.

ನಮ್ಮ ಅಧಿಕಾರಿಗೆ ನಾನು ಹೇಳುವುದು ಮೊದಲ ದಾರಿಯನ್ನೇ. ಹೊಸ ಪದ್ಧತಿಯಲ್ಲಿ ಉಳಿಯಲಿ, ಪ್ರತಿ ವರ್ಷ ಫೀಸಿನ ಹೊತ್ತಿಗೆ ಒಂದೂವರೆ ಲಕ್ಷವನ್ನು ಹುಡುಗಿಯ ಸ್ವಂತ ಖಾತೆಗೆ ವರ್ಗಾಯಿಸಲಿ, ಪತ್ರದ ಒಂದು ಪ್ರತಿ ಇಬ್ಬರ ಕಡತದಲ್ಲೂ ಇರಲಿ. ಕೊನೆಯ ವರ್ಷಕ್ಕೆ ಮಾತ್ರ ಒಂದು ಎಚ್ಚರ ಬೇಕು. ಅವಳಿಗೆ ಕ್ಯಾಂಪಸ್ಸಿನಲ್ಲೇ ಒಳ್ಳೆಯ ಸಂಬಳದ ಕೆಲಸ ಸಿಕ್ಕಿ ಅದೇ ಆರ್ಥಿಕ ವರ್ಷದಲ್ಲಿ ಸೇರಿಕೊಂಡರೆ, ಉಡುಗೊರೆಯೂ ಸಂಬಳವೂ ಒಂದೇ ಲೆಕ್ಕಕ್ಕೆ ಬೀಳುತ್ತವೆ. ಕೊನೆಯ ಕಂತನ್ನು ಅದರ ಹಿಂದಿನ ಮಾರ್ಚ್ 31ರೊಳಗೇ ಕೊಟ್ಟುಬಿಟ್ಟರೆ ಆ ಕಂತು ಅವಳ ಸಂಬಳದ ವರ್ಷಕ್ಕೆ ಹೋಗುವುದಿಲ್ಲ.